ವಿಡಿಯೋ ನೋಡಿದವರೋ, ಪೇಜಿಗೆ ಬಂದವರೋ? ಎರಡೂ ಕಡೆ ದುಡ್ಡು ಹಾಕಿ ನೋಡಿದೆ

ಹಾವೇರಿಯಲ್ಲಿ ನಮ್ಮದೊಂದು ಸಣ್ಣ ಆನ್‌ಲೈನ್ ಅಂಗಡಿ. ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ ಮಾರುತ್ತೇವೆ. ಒಮ್ಮೆ ನಮ್ಮನ್ನು ನೋಡಿ ಹೋದವರಿಗೇ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಮತ್ತೆ ಜಾಹೀರಾತು ತೋರಿಸಲು ಎರಡು ಪಟ್ಟಿ ಮಾಡಿದೆ. ತೊಟ್ಟು ಬಿಡಿಸಿ ಖಾರ ಕುಟ್ಟುವ ನಮ್ಮ 40 ಸೆಕೆಂಡಿನ ವಿಡಿಯೋ ನೋಡಿದವರದು ಒಂದು. ವೆಬ್‌ಸೈಟಿನಲ್ಲಿ ಅರ್ಧ ಕಿಲೋ ಪ್ಯಾಕೆಟ್ಟಿನ ಪೇಜು ತೆರೆದವರದು ಇನ್ನೊಂದು. ತಲಾ ದಿನಕ್ಕೆ 100 ರೂಪಾಯಿ, 14 ದಿನ.

ವಿಡಿಯೋ ಪಟ್ಟಿಗೆ ಮೊದಲು 3 ಸೆಕೆಂಡ್ ನೋಡಿದವರನ್ನು ತಗೊಂಡಿದ್ದೆ. ಅದು ತಪ್ಪು. ವಿಡಿಯೋ ತಾನಾಗಿಯೇ ಓಡುತ್ತದೆ, ಬೆರಳು ಸರಿಸುವಷ್ಟರಲ್ಲಿ 3 ಸೆಕೆಂಡ್ ಆಗಿಬಿಡುತ್ತದೆ ಅಲ್ವಾ? ಆಮೇಲೆ 50% ನೋಡಿದವರನ್ನಷ್ಟೇ ಇಟ್ಟುಕೊಂಡೆ. ಸುಮಾರು 6,000 ಜನ ಸಿಕ್ಕರು. ಪೇಜಿನ ಪಟ್ಟಿಗೆ ಸೈಟಿನಲ್ಲಿ ಪಿಕ್ಸೆಲ್ ಅನ್ನುವ ಸಣ್ಣ ಕೋಡ್ ಹಾಕಬೇಕು. ಐಫೋನಿನಲ್ಲಿ ಟ್ರ್ಯಾಕಿಂಗ್ ಬೇಡ ಅಂದವರು ಇದರಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತಾರೆ. ನನಗೆ ಸಿಕ್ಕಿದ್ದು 600 ಜನ.

ಪೇಜಿನವರಿಂದ 9 ಆರ್ಡರ್ ಬಂದವು, ವಿಡಿಯೋದವರಿಂದ 4. ಅಂದರೆ ಒಂದು ಆರ್ಡರಿಗೆ ಅಲ್ಲಿ ಸುಮಾರು 155 ರೂಪಾಯಿ, ಇಲ್ಲಿ 350. ಅರ್ಧ ಕಿಲೋ ಮಾರಿ 350 ರೂಪಾಯಿ ಜಾಹೀರಾತಿಗೇ ಕೊಟ್ಟರೆ ಕೈಗೆ ಏನೂ ಉಳಿಯುವುದಿಲ್ಲ.

ಆದರೆ ಪೇಜಿನ 9 ಆರ್ಡರಿನಲ್ಲಿ 7 ಮೊದಲ ವಾರದ್ದೇ. ಆಮೇಲೆ ಯಾಕೆ ನಿಂತವು ಅಂತ ನೋಡಿದರೆ Frequency ಕಾಲಂನಲ್ಲಿ 8 ಇತ್ತು. ಒಬ್ಬೊಬ್ಬರಿಗೂ ಸರಾಸರಿ ಎಂಟು ಸಲ ಅದೇ ಜಾಹೀರಾತು! 600 ಜನರ ಪಟ್ಟಿಗೆ ದಿನಕ್ಕೆ 100 ರೂಪಾಯಿ ಜಾಸ್ತಿಯೇ ಆಯಿತು. ವಿಡಿಯೋ ಕಡೆ ಆ ಅಂಕಿ 2 ಕೂಡ ದಾಟಿರಲಿಲ್ಲ.

ಅಷ್ಟರಲ್ಲಿ ಧಾರವಾಡದ ಅಕ್ಕ ಒಬ್ಬರು ಫೋನ್ ಮಾಡಿದರು. "ಹೋದ ವಾರನಽ ತಗೊಂಡೇನ್ರೀ, ಮತ್ತ ಯಾಕ ದಿನಾ ತಗೋರಿ ತಗೋರಿ ಅಂತ ತೋರಸ್ತೀರಿ?" ಅಂದರು. ಕೊಂಡವರನ್ನು ಪಟ್ಟಿಯಿಂದ ಹೊರಗಿಟ್ಟಿದ್ದೆನಲ್ಲ ಅಂತ ಗಾಬರಿಯಾಯಿತು. ಅವರು ಪೇಜು ನೋಡಿ, ಆರ್ಡರ್ ಕೊಟ್ಟಿದ್ದು ವಾಟ್ಸಾಪ್‌ನಲ್ಲಿ. ಸೈಟಿನಲ್ಲಿ Purchase ದಾಖಲೇ ಆಗಿರಲಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಜನ ಹೀಗೇ ಕೊಳ್ಳುವುದು. ಈಗ ಒಪ್ಪಿಗೆ ಕೇಳಿ, ಕೊಂಡವರ ಫೋನ್ ನಂಬರುಗಳನ್ನು ವಾರಕ್ಕೊಮ್ಮೆ ಗ್ರಾಹಕರ ಪಟ್ಟಿಯಾಗಿ ಏರಿಸಿ, ಅವರನ್ನು ಬಿಟ್ಟು ತೋರಿಸುತ್ತೇನೆ. ಅರ್ಧ ಕಿಲೋ ಖಾಲಿಯಾಗಲು ಒಂದೆರಡು ತಿಂಗಳು ಬೇಕು. ಅದಕ್ಕೇ 45 ದಿನ ಆದ ಮೇಲೆ ಆ ಪಟ್ಟಿಯಿಂದ ಅವರ ನಂಬರು ತೆಗೆಯುತ್ತೇನೆ, ಜಾಹೀರಾತು ಮತ್ತೆ ಕಾಣಲಿ ಅಂತ.

ಮಾರಾಟಕ್ಕೆ ಪೇಜಿನ ಪಟ್ಟಿಯೇ ಮೇಲು. ಅದಕ್ಕೆ ಮೊದಲಿಗಿಂತ ಕಡಿಮೆ ದುಡ್ಡು ಸಾಕು, ಜಾಹೀರಾತಿನಲ್ಲಿ ಡೆಲಿವರಿ ಖರ್ಚು ಎಷ್ಟು ಅಂತ ನೇರವಾಗಿ ಹೇಳುತ್ತೇನೆ. ಉಳಿದದ್ದು ವಿಡಿಯೋದವರಿಗೆ. ಅವರಿಗೆ ಈಗಲೇ ಕೊಳ್ಳಿ ಅನ್ನುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ, ಕಡ್ಡಿಗೂ ಡಬ್ಬಿಗೂ ಏನು ವ್ಯತ್ಯಾಸ ಅಂತ ತೋರಿಸಿ ಪೇಜಿಗೆ ಕರೆತರುತ್ತೇನೆ. 600 ಜನರ ಪಟ್ಟಿ ಬೆಳೆಯುವುದು ಅಲ್ಲಿಂದಲೇ.