ಓಟ್ಸ್‌ಗೆ ಮೈಕ್ರೋವೇವ್, ಕಿನೋವಾಕ್ಕೆ ಒಲೆ: ನೀರು, ಸಮಯ, ಉಕ್ಕುವಿಕೆ

ಓಟ್ಸ್ ಮತ್ತು ಕಿನೋವಾ ಎರಡನ್ನೂ ಒಲೆಯ ಮೇಲೂ ಮೈಕ್ರೋವೇವ್‌ನಲ್ಲೂ ಬೇಯಿಸಬಹುದು. ಎರಡನ್ನೂ ಎರಡು ಕಡೆ ಮಾಡಿ ನೋಡಿದಾಗ ಫಲಿತಾಂಶ ಒಂದೇ ರೀತಿ ಬರುವುದಿಲ್ಲ. ಓಟ್ಸ್ ವಿಷಯದಲ್ಲಿ ಮೈಕ್ರೋವೇವ್ ಗೆಲ್ಲುತ್ತದೆ, ಕಿನೋವಾ ವಿಷಯದಲ್ಲಿ ಒಲೆ. ಕಾರಣ ಕಾಳಿನೊಳಗೇ ಇದೆ. ಅದು ತಿಳಿದರೆ ಪ್ಯಾಕೆಟ್ ಮೇಲಿನ ಅಳತೆ ಯಾಕೆ ಕೆಲವೊಮ್ಮೆ ಕೈಕೊಡುತ್ತದೆ ಅನ್ನುವುದೂ ತಿಳಿಯುತ್ತದೆ.

ಇಲ್ಲಿನ ಅಳತೆಗಳೆಲ್ಲ 240 ಮಿ.ಲೀ. ಕಪ್ಪಿನವು. ಒಲೆ ಅಂದರೆ ಗ್ಯಾಸ್ ಸ್ಟೌವಿನ ಚಿಕ್ಕ ಬರ್ನರ್. ಮೈಕ್ರೋವೇವ್ 700 ವ್ಯಾಟ್‌ನದು. ನಿಮ್ಮದು 900 ವ್ಯಾಟ್ ಆಗಿದ್ದರೆ ನೀರು ಕುದಿಯುವವರೆಗಿನ ಸಮಯದಲ್ಲಿ ಸುಮಾರು ಕಾಲು ಭಾಗ ಕಡಿಮೆ ಮಾಡಿಕೊಳ್ಳಿ.

ಮೈಕ್ರೋವೇವ್ ಚುರುಕಾಗಿ ಮಾಡುವುದು ಒಂದೇ ಕೆಲಸ, ನೀರನ್ನು ಬಿಸಿ ಮಾಡುವುದು. ಬಿಸಿನೀರು ಕಾಳಿನ ಒಳಕ್ಕೆ ಇಳಿದು ಪಿಷ್ಟ ಅರಳುವುದಕ್ಕೆ ಬೇಕಾದ ಹೊತ್ತನ್ನು ಅದು ಕಡಿಮೆ ಮಾಡಲಾರದು. ರೋಲ್ಡ್ ಓಟ್ಸ್ ಕಾರ್ಖಾನೆಯಲ್ಲೇ ಹಬೆಯಲ್ಲಿ ಬೆಂದು, ರೋಲರ್ ನಡುವೆ ಚಪ್ಪಟೆಯಾಗಿ ಬಂದಿರುತ್ತದೆ. ನಮ್ಮ ಅವಲಕ್ಕಿಯ ಹಾಗೆ. ಅಷ್ಟು ತೆಳು ಪದರದೊಳಕ್ಕೆ ನೀರು ಇಳಿಯಲು ಎರಡು ಮೂರು ನಿಮಿಷ ಸಾಕು, ಹಾಗಾಗಿ ಒಟ್ಟು ಸಮಯದ ಹೆಚ್ಚಿನ ಪಾಲು ನೀರು ಕಾಯಿಸುವುದಕ್ಕೇ ಹೋಗುತ್ತದೆ. ಕಿನೋವಾ ಇಡೀ ಬೀಜ. ದಂಟಿನ ಸೊಪ್ಪಿನ ಕುಟುಂಬದ್ದು. ಅದರೊಳಗೆ ನೀರು ಇಳಿಯಲು 12 ರಿಂದ 15 ನಿಮಿಷ ಬೇಕೇ ಬೇಕು, ಬಿಸಿ ಯಾವ ಕಡೆಯಿಂದ ಬಂದರೂ ಸರಿ. ಸ್ಟೀಲ್ ಕಟ್ ಓಟ್ಸ್ ಕೂಡ ಈ ಲೆಕ್ಕದಲ್ಲಿ ಕಿನೋವಾ ಕಡೆಗೇ ಸೇರುತ್ತದೆ. ಚಪ್ಪಟೆ ಮಾಡದೆ ಕತ್ತರಿಸಿದ ತುಂಡು ಅದು. 1 ಕಪ್ಪಿಗೆ 3 ರಿಂದ 4 ಕಪ್ ನೀರು, ಸಣ್ಣ ಉರಿಯಲ್ಲಿ 20 ರಿಂದ 30 ನಿಮಿಷ. ಅದನ್ನು ಮೈಕ್ರೋವೇವ್‌ಗೆ ಇಡಲೇಬೇಡಿ.

ಓಟ್ಸ್

ಒಬ್ಬರಿಗೆ ಅರ್ಧ ಕಪ್ ರೋಲ್ಡ್ ಓಟ್ಸ್, ಅಂದರೆ ಸುಮಾರು 40 ಗ್ರಾಂ. ಒಲೆಯ ಮೇಲಾದರೆ 1 ಕಪ್ ನೀರು ಕುದಿಸಿ, ಚಿಟಿಕೆ ಉಪ್ಪು ಹಾಕಿ, ಓಟ್ಸ್ ಸುರಿದು, ಸಣ್ಣ ಉರಿಯಲ್ಲಿ ಮುಚ್ಚಳವಿಲ್ಲದೆ 5 ನಿಮಿಷ. ತೆರೆದ ಪಾತ್ರೆಯಿಂದ ಹಬೆಯಾಗಿ ಒಂದಿಷ್ಟು ನೀರು ಹೋಗುತ್ತದೆ, ಆದ್ದರಿಂದ ಗಂಜಿ ಗಟ್ಟಿಯಾಗಿಯೇ ಬರುತ್ತದೆ. ತೆಳ್ಳಗೆ ಬೇಕಿದ್ದರೆ ಇನ್ನೂ ಕಾಲು ಕಪ್ ಸೇರಿಸಿ. ಮೈಕ್ರೋವೇವ್‌ನಲ್ಲಿ ಹೊತ್ತು ಕಡಿಮೆ, ಆವಿಯಾಗುವ ನೀರೂ ಕಡಿಮೆ. ಅದೇ ಹದಕ್ಕೆ ಮುಕ್ಕಾಲು ಕಪ್‌ಗಿಂತ ಸ್ವಲ್ಪ ಹೆಚ್ಚು, ಸುಮಾರು 200 ಮಿ.ಲೀ. ಸಾಕು. ಇನ್‌ಸ್ಟಂಟ್ ಓಟ್ಸ್ ಇನ್ನೂ ತೆಳು. ಒಲೆಯಲ್ಲಿ 1 ನಿಮಿಷದಲ್ಲಿ ಮುಗಿಯುತ್ತದೆ, 3 ನಿಮಿಷ ಬಿಟ್ಟರೆ ಅಂಟಂಟಾಗುತ್ತದೆ.

ಮೈಕ್ರೋವೇವ್‌ನ ತೊಂದರೆ ಒಂದೇ, ಉಕ್ಕುವುದು. ಓಟ್ಸ್ ಬೆಂದಂತೆ ಪಿಷ್ಟವೂ ಬೀಟಾ ಗ್ಲುಕಾನ್ ಎಂಬ ಲೋಳೆಯಂಥ ನಾರೂ ನೀರಿಗೆ ಇಳಿಯುತ್ತವೆ. ಬರಿ ನೀರಿನ ಗುಳ್ಳೆ ಮೇಲೆ ಬಂದ ಕೂಡಲೇ ಒಡೆಯುತ್ತದೆ. ಈ ಲೋಳೆ ನೀರಿನ ಗುಳ್ಳೆಯ ಗೋಡೆ ಗಟ್ಟಿ, ಅದು ಒಡೆಯದೆ ಒಂದರ ಮೇಲೊಂದು ಕೂರುತ್ತಾ ಏರುತ್ತದೆ. ಒಲೆಯ ಮುಂದೆ ನಿಂತವರು ಉರಿ ತಗ್ಗಿಸಿ ಸೌಟು ಆಡಿಸುತ್ತಾರೆ. ಮೈಕ್ರೋವೇವ್‌ನ ಬಾಗಿಲು ಮುಚ್ಚಿರುತ್ತದೆ, ಮತ್ತು ಪೂರ್ತಿ ಪವರ್‌ನಲ್ಲಿ ಕುದಿ ಶುರುವಾದ ಮೇಲೆ ಬಟ್ಟಲಿನ ಅಂಚು ದಾಟಲು ಹತ್ತು ಹದಿನೈದು ಸೆಕೆಂಡು ಸಾಕು.

ಇದಕ್ಕೆ ನಿಜಕ್ಕೂ ಕೆಲಸ ಮಾಡುವ ಉಪಾಯ ಎರಡು. ಮೊದಲನೆಯದು ದೊಡ್ಡ ಬಟ್ಟಲು. ಓಟ್ಸ್ ಮತ್ತು ನೀರು ಸೇರಿ ಕಾಲು ಲೀಟರ್ ಆಸುಪಾಸು ಇದ್ದರೆ ಬಟ್ಟಲು 1 ಲೀಟರಿನದಿರಲಿ. ಕಾಫಿ ಮಗ್‌ನಲ್ಲಿ ಮಾಡಿದರೆ ಉಕ್ಕದೆ ಇರುವುದಿಲ್ಲ. ಎರಡನೆಯದು ಸಮಯವನ್ನು ಒಡೆಯುವುದು. ಪೂರ್ತಿ ಪವರ್‌ನಲ್ಲಿ 1 ನಿಮಿಷ 30 ಸೆಕೆಂಡು ಇಡಿ. ಅಷ್ಟರಲ್ಲಿ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಕಾಣಿಸಿಕೊಳ್ಳುತ್ತವೆ, ನಡು ಇನ್ನೂ ಸುಮ್ಮನಿರುತ್ತದೆ. ಆಗ ನಿಲ್ಲಿಸಿ, ತಳದಿಂದ ಚೆನ್ನಾಗಿ ಕಲಕಿ. ಅಂಚಿನ ಬಿಸಿ ನಡುವಿಗೆ ಹಂಚಿಹೋಗುತ್ತದೆ. ಆಮೇಲೆ ಪವರ್ 50ಕ್ಕೆ ಇಳಿಸಿ 2 ನಿಮಿಷ. ಹೊರಗೆ ತೆಗೆದು ತಟ್ಟೆ ಮುಚ್ಚಿ 2 ನಿಮಿಷ ಬಿಡಿ. ಉಳಿದ ನೀರನ್ನು ಓಟ್ಸ್ ಆಗ ಹೀರಿಕೊಳ್ಳುತ್ತದೆ. ತೆಗೆದ ಕೂಡಲೇ ನೀರಾಯಿತೆಂದು ಮತ್ತೆ ಒಳಗಿಟ್ಟರೆ ಗೋಂದಾಗುತ್ತದೆ.

50 ಪವರ್ ಅಂದಾಗ ಸಾಮಾನ್ಯ ಮೈಕ್ರೋವೇವ್‌ಗಳು ಅರ್ಧ ಬಲದಲ್ಲಿ ಓಡುವುದಿಲ್ಲ. ಕೆಲವು ಸೆಕೆಂಡು ಪೂರ್ತಿ ಬಲದಲ್ಲಿ ಓಡಿ, ಕೆಲವು ಸೆಕೆಂಡು ನಿಲ್ಲುತ್ತವೆ. ಸದ್ದು ಬದಲಾಗುವುದು ಕಿವಿಗೇ ಕೇಳುತ್ತದೆ. ಆ ನಿಂತ ಸೆಕೆಂಡುಗಳಲ್ಲೇ ಏರಿದ ನೊರೆ ಇಳಿಯುವುದು. ಕಿಟಕಿಯಿಂದ ನೋಡಿದರೆ ಗಂಜಿ ಉಸಿರಾಡುವ ಹಾಗೆ ಮೇಲೇರಿ ಕೆಳಗಿಳಿಯುತ್ತಿರುತ್ತದೆ. ಇನ್ವರ್ಟರ್ ಮಾದರಿಯಲ್ಲಿ ಮಾತ್ರ ಬಲವೇ ತಗ್ಗುತ್ತದೆ, ಅಲ್ಲಿ ನೊರೆ ಅಷ್ಟು ಏರುವುದೇ ಇಲ್ಲ.

ಅರ್ಧ ಚಮಚ ತುಪ್ಪ ಹಾಕಿದರೆ ನೊರೆ ತಗ್ಗುವುದು ನಿಜ, ಕೊಬ್ಬು ಗುಳ್ಳೆಯ ಗೋಡೆಯನ್ನು ಸಡಿಲ ಮಾಡುತ್ತದೆ. ಆದರೆ ಚಿಕ್ಕ ಬಟ್ಟಲಿನ ತಪ್ಪನ್ನು ತುಪ್ಪ ಸರಿಪಡಿಸುವುದಿಲ್ಲ. ಪಾತ್ರೆಯ ಮೇಲೆ ಅಡ್ಡ ಇಡುವ ಮರದ ಸೌಟು ಒಲೆಯ ಮೇಲೆ ಸ್ವಲ್ಪ ಹೊತ್ತು ಗುಳ್ಳೆ ಒಡೆಯುತ್ತದೆ. ಅದೇ ಬಿಸಿಯಾದ ಮೇಲೆ ನೊರೆ ಅದನ್ನು ದಾಟಿಯೇ ಬರುತ್ತದೆ. ಹಾಲಿನಲ್ಲಿ ಬೇಯಿಸುವುದಾದರೆ ಅಪಾಯ ಹೆಚ್ಚು, ಹಾಲು ತನ್ನದೇ ಕೆನೆ ಕಟ್ಟಿ ಉಕ್ಕುವ ವಸ್ತು. ಓಟ್ಸ್ ಅನ್ನು ಮುಕ್ಕಾಲು ಪಾಲು ನೀರಿನಲ್ಲೇ ಬೇಯಿಸಿ, ಕೊನೆಗೆ ಬಿಸಿಹಾಲು ಬೆರೆಸಿ. ರುಚಿಯಲ್ಲಿ ಕಡಿಮೆ ಏನಾಗುವುದಿಲ್ಲ.

ಲೆಕ್ಕ ಹಾಕಿದರೆ ಮೈಕ್ರೋವೇವ್‌ನಲ್ಲಿ ಒಟ್ಟು ಐದೂವರೆ ನಿಮಿಷ, ಅದರಲ್ಲಿ ಎರಡು ಮುಚ್ಚಿಟ್ಟ ಸಮಯ, ತೊಳೆಯಲು ಒಂದೇ ಬಟ್ಟಲು. ಒಲೆಯಲ್ಲಿ ನೀರು ಕುದಿಯುವುದೂ ಸೇರಿ ಎಂಟೊಂಬತ್ತು ನಿಮಿಷ, ತಳ ಹಿಡಿದ ಪಾತ್ರೆ ಬೇರೆ. ಆದರೆ ಇದು ಒಬ್ಬರ ಲೆಕ್ಕ. ಮೈಕ್ರೋವೇವ್‌ನಲ್ಲಿ ಅಳತೆ ಎರಡರಷ್ಟಾದರೆ ಕುದಿಯುವ ಸಮಯವೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೂರ್ನಾಲ್ಕು ಜನಕ್ಕೆ ಒಲೆಯೇ ಬೇಗ.

ಕಿನೋವಾ

ಕಿನೋವಾ ಉಕ್ಕುವ ಕಾರಣ ಬೇರೆ. ಅದರ ಹೊರಪದರದಲ್ಲಿ ಸಪೋನಿನ್ ಇದೆ. ಅಂಟುವಾಳದ ಕಾಯಿ ನೀರಿನಲ್ಲಿ ನೊರೆ ಬಿಡುವುದು ಇದೇ ಬಗೆಯ ವಸ್ತುವಿನಿಂದ. ಅಂದರೆ ಇಲ್ಲಿನ ನೊರೆ ಸೋಪಿನ ನೊರೆಯ ಜಾತಿಯದು, ಕಹಿಯೂ ಅದರಿಂದಲೇ. ಓಟ್ಸ್ ನೊರೆಯನ್ನು ತೊಳೆದು ಕಳೆಯಲಾಗುವುದಿಲ್ಲ, ಕಿನೋವಾದ್ದನ್ನು ಕಳೆಯಬಹುದು. ಪ್ಯಾಕೆಟ್ ಮೇಲೆ ತೊಳೆದದ್ದು ಎಂದು ಬರೆದಿದ್ದರೂ ಒಮ್ಮೆ ನೀರು ಹಾಕಿ ಕೈಯಲ್ಲಿ ತಿಕ್ಕಿ ನೋಡಿ, ಬಿಳಿ ನೊರೆ ಬಂದರೆ ಇನ್ನೂ ಇದೆ ಎಂದರ್ಥ. ಮೂರ್ನಾಲ್ಕು ನೀರು ಬದಲಿಸಿ, ನೊರೆ ನಿಲ್ಲುವವರೆಗೆ ತೊಳೆಯಿರಿ. ಅಕ್ಕಿ ಬಸಿಯುವ ತೂತಿನ ಪಾತ್ರೆಯಲ್ಲಿ ಕಾಳು ಕೆಳಗೆ ಜಾರಿಹೋಗುತ್ತದೆ. ಸಣ್ಣ ಕಣ್ಣಿನ ಜರಡಿ ಅಥವಾ ತೆಳು ಬಟ್ಟೆ ಬಳಸಿ.

ಪ್ಯಾಕೆಟ್‌ನ ಅಳತೆ ಸಾಮಾನ್ಯವಾಗಿ 1 ಕಪ್ಪಿಗೆ 2 ಕಪ್ ನೀರು. ಹಾಗೆ ಮಾಡಿ ಮುದ್ದೆಯಾಯಿತು ಎನ್ನುವವರೇ ಹೆಚ್ಚು. ತೊಳೆದ ಕಾಳು ಬಸಿದ ಮೇಲೂ ಮೂರ್ನಾಲ್ಕು ದೊಡ್ಡ ಚಮಚದಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಅದು ಲೆಕ್ಕಕ್ಕೆ ಬಾರದ ನೀರು. ಉದುರುದುರಾಗಿ ಬೇಕಿದ್ದರೆ ಒಲೆಯ ಮೇಲೆ 1 ಕಪ್ ಕಿನೋವಾಕ್ಕೆ ಒಂದೂಮುಕ್ಕಾಲು ಕಪ್ ಸಾಕು. ಮೊಸರನ್ನದ ಹಾಗೆ ಕಲಸಲು ಮೆತ್ತಗೆ ಬೇಕಾದರೆ 2 ಕಪ್ ಸರಿ.

ಒಲೆಯ ಕ್ರಮ ಹೀಗೆ. 2 ಲೀಟರಿನ ದಪ್ಪ ತಳದ ಪಾತ್ರೆಯಲ್ಲಿ ಬಸಿದ ಕಾಳನ್ನು ಮೂರು ನಿಮಿಷ ಹುರಿಯಿರಿ. ಅಂಟಿದ ನೀರು ಆರಿ, ಕಾಳು ಬಿಡಿಬಿಡಿಯಾಗಿ ಚಟಪಟ ಅನ್ನತೊಡಗಿದಾಗ ನೀರು, ಅರ್ಧ ಚಮಚ ಉಪ್ಪು ಹಾಕಿ. ಮುಚ್ಚಳವಿಲ್ಲದೆ ಕುದಿ ಬರಲಿ. ಈ ಹೊತ್ತಲ್ಲಿ ಪಾತ್ರೆ ಬಿಟ್ಟು ಹೋಗಬೇಡಿ, ನೊರೆ ಬಂದರೆ ಚಮಚದಲ್ಲಿ ತೆಗೆದುಬಿಡಿ. ಆಮೇಲೆ ಉರಿಯನ್ನು ಪೂರ್ತಿ ಸಣ್ಣ ಮಾಡಿ, ಮುಚ್ಚಳವನ್ನು ಮೊದಲ ಎರಡು ನಿಮಿಷ ಓರೆಯಾಗಿಟ್ಟು, ನಂತರ ಸರಿಯಾಗಿ ಮುಚ್ಚಿ. ಒಟ್ಟು 13 ರಿಂದ 15 ನಿಮಿಷ. ಉರಿ ಆರಿಸಿ, ತೆರೆಯದೆ ಇನ್ನೂ 8 ನಿಮಿಷ. ಫೋರ್ಕಿನಿಂದ ಕೆದಕಿ, ಸೌಟಿನಿಂದ ತಿರುವಬೇಡಿ. ಸುಮಾರು 3 ಕಪ್ ಆಗುತ್ತದೆ.

ಬೆಂದಿದೆಯೋ ಎಂದು ತಿಳಿಯಲು ನಾಲ್ಕು ಕಾಳನ್ನು ತಟ್ಟೆಯ ಮೇಲಿಟ್ಟು ಹತ್ತಿರದಿಂದ ನೋಡಿ. ಬೆಂದ ಕಾಳು ಅರೆ ಪಾರದರ್ಶಕವಾಗಿ, ಅದನ್ನು ಸುತ್ತಿದ್ದ ಮೊಳಕೆಯ ಭಾಗ ಬಿಳಿ ದಾರದ ಹಾಗೆ ಬಿಚ್ಚಿಕೊಂಡು ಪುಟ್ಟ ಬಾಲ ಮೂಡಿರುತ್ತದೆ. ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಹಸಿ. ಎರಡು ಚಮಚ ಬಿಸಿನೀರು ಚಿಮುಕಿಸಿ 3 ನಿಮಿಷ ಮುಚ್ಚಿ. ಬೆಂದಿದ್ದೂ ತಳದಲ್ಲಿ ನೀರಿದ್ದರೆ ಮುಚ್ಚಳ ತೆಗೆದು ಎರಡು ನಿಮಿಷ ಸಣ್ಣ ಉರಿ.

ಮೈಕ್ರೋವೇವ್‌ನಲ್ಲಿ ಅದೇ 1 ಕಪ್ ಕಿನೋವಾಕ್ಕೆ 2 ಕಪ್ ನೀರು ಬೇಕು. ಇಲ್ಲಿ ಪಾತ್ರೆಯನ್ನು ಬಿಗಿಯಾಗಿ ಮುಚ್ಚಲಾಗದ್ದರಿಂದ ಹಬೆ ಹೋಗುತ್ತಲೇ ಇರುತ್ತದೆ. ಎರಡೂವರೆ ಲೀಟರಿನ ಗಾಜಿನ ಪಾತ್ರೆಯಲ್ಲಿ ಪೂರ್ತಿ ಪವರ್‌ನಲ್ಲಿ ತೆರೆದಿಟ್ಟು 6 ನಿಮಿಷಕ್ಕೆ ಕುದಿ ಬರುತ್ತದೆ. ಕಲಕಿ, ತಟ್ಟೆಯನ್ನು ಓರೆಯಾಗಿ ಮುಚ್ಚಿ, 50 ಪವರ್‌ನಲ್ಲಿ 10 ರಿಂದ 12 ನಿಮಿಷ, ಆಮೇಲೆ 5 ನಿಮಿಷ ಸುಮ್ಮನೆ ಬಿಡಿ. ಒಟ್ಟು 21 ರಿಂದ 23 ನಿಮಿಷ, ಒಲೆಗಿಂತ ಉಳಿಯುವುದು ಕೆಲವೇ ನಿಮಿಷ. ಮೇಲಿನ ಕಾಳು ಒಣಗಿ, ತಳದ್ದು ಮೆತ್ತಗಾಗುವುದೂ ಇದೆ. ಒಲೆ ಇಲ್ಲದ ಹಾಸ್ಟೆಲ್ ಕೋಣೆಗೆ ಮಾತ್ರ ಇದನ್ನು ಹೇಳಬಹುದು.

ಕುಕ್ಕರ್ ಬಗ್ಗೆಯೂ ಒಂದು ಮಾತು. ಚೆನ್ನಾಗಿ ತೊಳೆದ ಕಿನೋವಾಕ್ಕೆ ಒಂದೂವರೆ ಕಪ್ ನೀರು, ಕಾಲು ಚಮಚ ಎಣ್ಣೆ, ಒಂದು ವಿಷಲ್, ಪ್ರೆಶರ್ ತಾನಾಗಿ ಇಳಿಯುವವರೆಗೆ ಕಾಯುವುದು. ಚೆನ್ನಾಗಿಯೇ ಬರುತ್ತದೆ. ಓಟ್ಸ್ ಅನ್ನು ಮಾತ್ರ ನೇರವಾಗಿ ಕುಕ್ಕರ್‌ನಲ್ಲಿ ಬೇಯಿಸಬೇಡಿ. ಅದರ ಲೋಳೆ ನೊರೆ ಮೇಲೇರಿ ವೆಯ್ಟ್ ಕೂರುವ ಹಬೆಯ ತೂತಿನೊಳಗೆ ಸಿಕ್ಕಿಕೊಳ್ಳುತ್ತದೆ. ಹಬೆಗೆ ದಾರಿ ಮುಚ್ಚಿದ ಕುಕ್ಕರ್ ಅಪಾಯಕಾರಿ.

ಮಂಗಳೂರು, ಕಾರವಾರದ ಅಡುಗೆಮನೆಯಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಓಟ್ಸ್‌ಗೆ ಇದು ಲೆಕ್ಕಕ್ಕಿಲ್ಲ. ಕಿನೋವಾಕ್ಕೆ ಕರಾವಳಿಯಲ್ಲಿ 13 ನಿಮಿಷ, ಬೆಂಗಳೂರಲ್ಲಿ 15 ಇಟ್ಟುಕೊಳ್ಳಿ.