ಮೈಸೂರ್‌ಪಾಕಿನ ದರ: ಆಗಾಗ ಬದಲಿಸಬೇಕೇ, ವರ್ಷವಿಡೀ ಹಿಡಿದಿಡಬೇಕೇ?

ಕೊಡಗಿನ ಗೋಣಿಕೊಪ್ಪಲಿನಲ್ಲಿ ನಮ್ಮದೊಂದು ಸಣ್ಣ ಸ್ವೀಟ್ ಅಂಗಡಿ. ತುಪ್ಪ, ಸಕ್ಕರೆ, ಗೋಡಂಬಿ ದರ ಏರಿಳಿದಾಗ ಬೋರ್ಡನ್ನು ಏನು ಮಾಡಬೇಕು ಅನ್ನೋದಕ್ಕೆ ಮೂರು ದಾರಿ ಹಿಡಿದು ನೋಡಿದ್ದೇನೆ. ಮೂರನ್ನೂ ಒಂದೇ ತಿಂಡಿಯ ಮೇಲೆ ಇಟ್ಟು ಹೇಳುತ್ತೇನೆ, ಮೈಸೂರ್‌ಪಾಕ್.

ಮೊದಲು ತೂಕದ ಲೆಕ್ಕ. ನಮ್ಮ ಮೆತ್ತನೆಯ ಮೈಸೂರ್‌ಪಾಕ್ ಒಂದು ಕೆಜಿಗೆ ಸುಮಾರು 400 ಗ್ರಾಂ ತುಪ್ಪ, 400 ಗ್ರಾಂ ಸಕ್ಕರೆ, ಉಳಿದದ್ದು ಕಡಲೆಹಿಟ್ಟು. ತುಪ್ಪದ ದರ ಲೀಟರಿಗೆ ಹೇಳುತ್ತಾರೆ, ನಾವು ಮಾರುವುದು ಕೆಜಿಗೆ. ಒಂದು ಲೀಟರ್ ತುಪ್ಪ ತೂಗುವುದು ಸುಮಾರು 910 ಗ್ರಾಂ, ಹಾಗಾಗಿ 400 ಗ್ರಾಂ ಅಂದರೆ 440 ಮಿಲಿ. ಸಕ್ಕರೆ ಕೆಜಿಗೆ 4 ರೂಪಾಯಿ ಏರಿದರೆ ಮೈಸೂರ್‌ಪಾಕಿನ ಮೇಲೆ ಬೀಳುವುದು ಎರಡು ರೂಪಾಯಿಯೂ ಇಲ್ಲ. ಅದಕ್ಕೇ ಸಕ್ಕರೆಯ ಸುದ್ದಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮೈಸೂರ್‌ಪಾಕಿಗೆ ತುಪ್ಪ, ಕಾಜು ಕಟ್ಲಿಗೆ ಗೋಡಂಬಿ, ಇವೆರಡೇ ಜೇಬಿಗೆ ಕೈಹಾಕುವುದು. ಕಟ್ಲಿಯಲ್ಲಿ ಕೆಜಿಗೆ 600 ಗ್ರಾಂ ಗೋಡಂಬಿ ಇದ್ದರೆ, ಗೋಡಂಬಿ 100 ರೂಪಾಯಿ ಏರಿದಾಗ ಖರ್ಚು 60 ಏರುತ್ತದೆ.

ಮೊದಲ ದಾರಿ, ಮಾಲು ಬಂದ ದರಕ್ಕೆ ತಕ್ಕಂತೆ ಬೋರ್ಡ್ ಬದಲಿಸುವುದು. ಲೆಕ್ಕದಲ್ಲಿ ಇದೇ ಸರಿ, ಕೌಂಟರಿನಲ್ಲಿ ಅಲ್ಲ. 2025ರ ಹಿಂಗಾರು ನೋಡಿ. ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು, ನಂದಿನಿ ತುಪ್ಪ ಲೀಟರಿಗೆ 650ರಿಂದ 610 ಆಯಿತು. ನವೆಂಬರ್ ಮೊದಲ ವಾರದಲ್ಲಿ ಅದೇ ತುಪ್ಪ 700. ಈ ದಾರಿಯಲ್ಲಿ ಹೋದರೆ ಮೈಸೂರ್‌ಪಾಕನ್ನು 18 ರೂಪಾಯಿ ಇಳಿಸಿ, ಆರೇಳು ವಾರದಲ್ಲಿ 40 ಏರಿಸಬೇಕು. ಇಳಿಸಿದ್ದು ಯಾರಿಗೂ ನೆನಪಿರುವುದಿಲ್ಲ, ಏರಿಸಿದ್ದು ಎಲ್ಲರಿಗೂ ಇರುತ್ತದೆ. ಮೇಲಾಗಿ ಕೆಜಿಗೆ 800 ಇದ್ದದ್ದನ್ನು ಇಳಿಸಿ 782 ಅಂತ ದರವಿಟ್ಟರೆ ಕಾಲು ಕೆಜಿಗೆ 195.50. ಚಿಲ್ಲರೆ ಹುಡುಕುವಷ್ಟರಲ್ಲಿ ಹಿಂದೆ ನಾಲ್ಕು ಜನ ನಿಂತಿರುತ್ತಾರೆ.

ಎರಡನೆಯದು, ವರ್ಷಕ್ಕೊಂದೇ ದರ. ಏರಿಕೆಗೆಂದು ಮೊದಲೇ ಒಂದಿಷ್ಟು ಸೇರಿಸಿಟ್ಟು ಸುಮ್ಮನಿರುವುದು. ಗ್ರಾಹಕರಿಗೆ ನೆಮ್ಮದಿ, ನಮಗೂ ಬೋರ್ಡ್ ಬರೆಯುವ ಕೆಲಸ ತಪ್ಪಿತು. ಆದರೆ ತುಪ್ಪ ಇಳಿದಾಗ ಪಕ್ಕದ ಅಂಗಡಿಗಿಂತ ನಾವೇ ದುಬಾರಿ. ಏರಿಕೆ ಬರುವುದೋ, ಹುತ್ತರಿ ಮತ್ತು ಕಾಫಿ ಕೊಯ್ಲಿನ ದುಡ್ಡು ಓಡಾಡುವ ಹೊತ್ತಿಗೇ. ಹೆಚ್ಚು ಮಾರಿದಷ್ಟೂ ಕಡಿಮೆ ಉಳಿಯುತ್ತದೆ. ದರ ಹಿಡಿಯಲು ತುಪ್ಪಕ್ಕೆ ವನಸ್ಪತಿ ಬೆರೆಸುವ ಉಪಾಯ ಹೇಳುವವರೂ ಇದ್ದಾರೆ. ಆಮೇಲೆ ಅದನ್ನು ತುಪ್ಪದ ಮೈಸೂರ್‌ಪಾಕ್ ಅಂತ ಮಾರುವಂತಿಲ್ಲ, ತಿಂದವರಿಗೂ ಅಂಗುಳಿಗೆ ಮೇಣದಂತೆ ಅಂಟಿ ಗೊತ್ತಾಗಿಬಿಡುತ್ತದೆ. ಆ ಮಾತು ಬಿಡಿ.

ಮೂರನೆಯದು ನಾನೀಗ ನಡೆಸುತ್ತಿರುವುದು, ಮೆಟ್ಟಿಲು ದರ. ಕೆಜಿಗೆ 40 ರೂಪಾಯಿಯೇ ಒಂದು ಮೆಟ್ಟಿಲು. ಯಾಕೆಂದರೆ ಕಾಲು ಕೆಜಿಗೆ ಸರಿಯಾಗಿ 10 ರೂಪಾಯಿ ಆಗುತ್ತದೆ, 800 ಇದ್ದದ್ದು 840 ಆದರೆ ಕಾಲು ಕೆಜಿ 200ರಿಂದ 210. ಪ್ರತಿ ತಿಂಡಿಗೂ ಬೋರ್ಡ್ ಬರೆದ ದಿನದ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಇಟ್ಟಿರುತ್ತೇನೆ. ಅದರಿಂದ ಖರ್ಚು 20 ದಾಟಿ ಏರಿದರೆ ಒಂದು ಮೆಟ್ಟಿಲು ಮೇಲೆ, ಅದೂ ಆ ತಿಂಡಿಗೆ ಮಾತ್ರ. ತುಪ್ಪ ಏರಿತೆಂದು ಕಟ್ಲಿಯ ದರ ಮುಟ್ಟುವುದಿಲ್ಲ.

ಅದೇ 2025ನ್ನು ಇದರಲ್ಲಿ ಹಾಕಿ. ನೋಟ್‌ಬುಕ್ಕಿನ ತುಪ್ಪ 650. ಸೆಪ್ಟೆಂಬರಿನಲ್ಲಿ 18 ಇಳಿಯಿತು, ಬೋರ್ಡ್ ಅಲ್ಲೇ. ನವೆಂಬರಿನಲ್ಲಿ 650ರಿಂದ ಲೆಕ್ಕ ಹಾಕಿದರೆ ಏರಿದ್ದು 22 ಮಾತ್ರ, ಒಂದು ಮೆಟ್ಟಿಲು ಹತ್ತಿದೆವು. ಎರಡು ಬದಲಾವಣೆಯ ಜಾಗದಲ್ಲಿ ಒಂದೇ. ಮಿಕ್ಕ 18 ರೂಪಾಯಿ ಮುಂದಿನ ಏರಿಕೆಯನ್ನು ತಡೆದುಕೊಳ್ಳುತ್ತದೆ. ಇಳಿಸಲು ಮಾತ್ರ ಪೂರ್ತಿ 40ರ ವ್ಯತ್ಯಾಸ ಬರಬೇಕು, ಇಲ್ಲದಿದ್ದರೆ ಬೋರ್ಡ್ ಮೇಲೆ ಕೆಳಗೆ ಕುಣಿಯುತ್ತದೆ. ಇದು ಅಂಗಡಿಯ ಕಡೆಗೆ ವಾಲಿದ ನಿಯಮ, ಒಪ್ಪುತ್ತೇನೆ. ಸೆಪ್ಟೆಂಬರಿನಲ್ಲಿ "ಏನಣ್ಣಾ, ಟಿವೀಲಿ ತುಪ್ಪ ಇಳೀತು ಅಂತಾರೆ, ನಿಮ್ಮ ಬೋರ್ಡ್ ಅಲ್ಲೇ ಇದೆ?" ಅಂತ ಕೇಳಿದವರಿಗೆ ನೋಟ್‌ಬುಕ್ ತೋರಿಸಿದೆ. ಕೆಲವರು ಒಪ್ಪಿದರು, ಕೆಲವರು ನಕ್ಕು ಹೋದರು.

ದರ ಇಳಿದಾಗ ಮಾಲು ತುಂಬಿಸಿಡಿ ಅನ್ನುವ ಸಲಹೆ ಬಯಲುಸೀಮೆಗೆ ಸರಿ. ನಮ್ಮ ಜೂನ್‌-ಆಗಸ್ಟ್ ಮಳೆಯಲ್ಲಿ ಸಕ್ಕರೆ ಗಟ್ಟಿಯಾಗುತ್ತದೆ, ಗೋಡಂಬಿ ತೇವ ಹೀರಿ ಮೆತ್ತಗಾಗುತ್ತದೆ, ಹುಳವೂ ಬೀಳುತ್ತದೆ. ಸೀಲ್ ಒಡೆಯದ ತುಪ್ಪದ ಟಿನ್ ಮಾತ್ರ ಕಾದಿಡಬಹುದು.

ಮೆಟ್ಟಿಲು ದರ ಕೆಲಸ ಮಾಡದ ಜಾಗ ಮದುವೆ ಆರ್ಡರ್. ತಿಂಗಳುಗಟ್ಟಲೆ ಮೊದಲೇ ದರ ಒಪ್ಪಿರುತ್ತೇವೆ, ನಡುವೆ ಮೆಟ್ಟಿಲು ಹತ್ತುವಂತಿಲ್ಲ. ಅದಕ್ಕೆ ಅಡ್ವಾನ್ಸ್ ಕೈಗೆ ಬಂದ ವಾರವೇ ಆ ಆರ್ಡರಿಗೆ ಬೇಕಾದಷ್ಟು ತುಪ್ಪ ತಂದು ಟಿನ್ ಮೇಲೆ ಮನೆಹೆಸರು ಬರೆದಿಡುತ್ತೇನೆ. 37 ಕೆಜಿ ಮೈಸೂರ್‌ಪಾಕಿಗೆ 15 ಕೆಜಿಯ ಒಂದು ಟಿನ್ ಸಾಕು. ಗೋಡಂಬಿಯನ್ನು ಹೀಗೆ ಇಡಲಾಗದ ಕಾರಣ ಕಟ್ಲಿಗೆ ಮಾತ್ರ "ದರ ಹದಿನೈದು ದಿನ ಮೊದಲು ಖಾತ್ರಿ" ಅಂತ ಬಿಲ್ಲಿನಲ್ಲೇ ಬರೆದುಕೊಡುತ್ತೇನೆ.