ವಿದೇಶದ ಆಮದುದಾರರಿಗೆ ಪತ್ರ ಬರೆಯುವ ಮುನ್ನ ಇದನ್ನು ಓದಿ

ವಿಜಯಪುರ ಜಿಲ್ಲೆಯಲ್ಲಿ ನಮ್ಮ ಹಾಗೆ ಒಣದ್ರಾಕ್ಷಿ ಮಾಡುವ ಸಣ್ಣ ಘಟಕದವರು ಹೊರದೇಶದಲ್ಲಿ ವಿತರಕರನ್ನು ಹುಡುಕುತ್ತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದಿಡೀ ಕಂಟೇನರ್ ಮಾಲನ್ನು ನಾವು ಅರ್ಧಕ್ಕರ್ಧ ಬೆಲೆಗೆ ಬಿಟ್ಟುಕೊಡಬೇಕಾಯಿತು.

ಎಲ್ಲರೂ ಬರೆಯುವಂಥ ಮರ್ಯಾದೆಯ ಪತ್ರವನ್ನೇ ನಾವೂ ಕಳಿಸಿದ್ದೆವು. ಘಟಕದ ಪರಿಚಯ, ಮಾಲಿನ ವಿವರ, 'ತಮ್ಮ ದೇಶದಲ್ಲಿ ನಮಗೆ ವಿತರಕರು ಬೇಕಾಗಿದ್ದಾರೆ, ತಮ್ಮ ಸಹಕಾರ ಕೋರುತ್ತೇವೆ' ಎಂಬ ವಿನಂತಿ. ಒಬ್ಬ ಆಮದುದಾರ ಬೇಗನೆ ಉತ್ತರ ಕೊಟ್ಟ. ಇಡೀ ದೇಶಕ್ಕೆ ತಾನೊಬ್ಬನೇ ವಿತರಕನಾಗುತ್ತೇನೆ ಎಂದ. ಆದರೆ ಅಡ್ವಾನ್ಸ್ ಕೊಡುವುದಿಲ್ಲ, ದಾಖಲೆಗಳು ತನ್ನ ಬ್ಯಾಂಕಿಗೆ ಬಂದ ಮೇಲೆ ಹಣ ಕಟ್ಟಿ ಬಿಡಿಸಿಕೊಳ್ಳುತ್ತೇನೆ ಎಂದ. ಹಣ ಕಟ್ಟದೆ ಬ್ಯಾಂಕು ದಾಖಲೆ ಕೊಡುವುದಿಲ್ಲ, ದಾಖಲೆ ಇಲ್ಲದೆ ಮಾಲು ಸಿಗುವುದಿಲ್ಲ. ಕೇಳಲು ಭದ್ರವಾಗಿಯೇ ಇದೆ, ಅಲ್ವಾ?

ಮಾಲು ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ ಹೊರಟು ಆತನ ದೇಶದ ಬಂದರು ತಲುಪಿತು. ಆತ ಬ್ಯಾಂಕಿನ ಕಡೆ ಸುಳಿಯಲೇ ಇಲ್ಲ. ಬಂದದ್ದು ಒಂದು ಮೇಲ್: 'ಬಣ್ಣ ಕಪ್ಪಾಗಿದೆ, ತೇವ ಜಾಸ್ತಿ ಇದೆ, ಬೆಲೆ ಇಳಿಸಿ.' ದಾಖಲೆ ಬಿಡಿಸಿಕೊಳ್ಳದೆ ಕಂಟೇನರ್ ಆತನ ಕೈಗೆ ಸಿಗುವುದೇ ಇಲ್ಲ. ನೋಡದ ಮಾಲಿನ ಬಣ್ಣ ಅವನಿಗೆ ಹೇಗೆ ಗೊತ್ತಾಯಿತು? ಮೋಸವನ್ನು ಗುರುತಿಸುವುದು ಇಲ್ಲೇ.

ಅಷ್ಟರಲ್ಲಿ ಬಂದರಿನ ಬಾಡಿಗೆ, ಕಂಟೇನರ್ ಬಾಡಿಗೆ ಎರಡೂ ದಿನದಿನಕ್ಕೆ ಏರುತ್ತಿದ್ದವು. ಬಿಸಿಲಿಗೆ ನಿಂತ ಒಣದ್ರಾಕ್ಷಿ ನಿಜವಾಗಿಯೂ ಕಪ್ಪಾಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ವಾಪಸ್ ತರಿಸೋಣ, ಬೇರೆಯವರಿಗೆ ಮಾರೋಣ ಎಂದರೆ, ಹಡಗು ಕಂಪನಿ ಕೊಡುವ ಮಾಲಿನ ದಾಖಲೆಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಮಾಲು ಪಡೆಯುವವನ ಜಾಗದಲ್ಲಿ ಇದ್ದದ್ದು ಅವನದೇ ಹೆಸರು. ಅವನ ಒಪ್ಪಿಗೆ ಪತ್ರ ತನ್ನಿ ಎಂದು ಅಲ್ಲಿನ ಬಂದರಿನವರು ಕೇಳಿದರು. ಅದನ್ನು ಅವನು ಯಾಕೆ ಕೊಡುತ್ತಾನೆ? ಕೊನೆಗೆ ಅವನು ಹೇಳಿದ ಬೆಲೆಗೇ ಮಾಲು ಹೋಯಿತು.

ಹಾಗಾಗಿ ಮೊದಲ ಪತ್ರದಲ್ಲೇ ಹಣದ ಮಾತು ಬರೆಯಿರಿ. ಅದರಿಂದ ಮರ್ಯಾದೆಗೇನೂ ಕುಂದಿಲ್ಲ. 'ಮೊದಲ ವ್ಯವಹಾರಕ್ಕೆ ಶೇಕಡಾ 30 ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್ ಪ್ರತಿ ನೋಡಿದ ಕೂಡಲೇ ಪಾವತಿಸಬೇಕೆಂದು ವಿನಂತಿಸುತ್ತೇವೆ. ಏಕೈಕ ವಿತರಕತ್ವದ ಬಗ್ಗೆ ಒಂದು ವರ್ಷದ ಖರೀದಿ ನೋಡಿ ಮಾತನಾಡೋಣ' ಎಂದು ಬರೆದರೆ ಸಾಕು. ನಿಜವಾದ ವ್ಯಾಪಾರಿ ಚೌಕಾಸಿ ಮಾಡುತ್ತಾನೆ, ಸಿಟ್ಟಾಗುವುದಿಲ್ಲ. ಬಿಲ್ ಆಫ್ ಲೇಡಿಂಗ್‌ನಲ್ಲಿ ಮಾಲು ಪಡೆಯುವವನ ಜಾಗದಲ್ಲಿ 'ಟು ಆರ್ಡರ್', ಅಂದರೆ ನಾವು ಹೇಳಿದವರಿಗೆ ಮಾಲು ಕೊಡಿ, ಎಂದು ಹಾಕಿಸಿ; ಖರೀದಿದಾರನ ಹೆಸರು, ಮಾಲು ಬಂದ ಸುದ್ದಿ ಯಾರಿಗೆ ತಿಳಿಸಬೇಕು ಎಂದು ಬರೆಯುವ ನೋಟಿಫೈ ಪಾರ್ಟಿ ಜಾಗದಲ್ಲಿ ಮಾತ್ರ ಇರಲಿ.

ರಫ್ತಿನ ಹಣ ಬಾರದಿದ್ದರೆ ನಷ್ಟ ತುಂಬಿಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ವಿಮೆ ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ಖರೀದಿದಾರ ಗುಣಮಟ್ಟದ ತಕರಾರು ಎತ್ತಿದರೆ, ಅವನ ದೇಶದ ಕೋರ್ಟಿನಿಂದ ನಿಮ್ಮ ಪರ ಡಿಕ್ರಿ ತರುವವರೆಗೆ ಆ ಹಣ ಸಿಗುವುದು ಕಷ್ಟ. ಅದಕ್ಕೇ, ಮಾಲು ತುಂಬುವಾಗ ಹೊರಗಿನ ತಪಾಸಣೆ ಸಂಸ್ಥೆಯಿಂದ ತೇವ, ಬಣ್ಣ ಪರೀಕ್ಷೆ ಮಾಡಿಸಿ, ಸೀಲ್ ಹಾಕಿದ ಸ್ಯಾಂಪಲ್ ಇಟ್ಟುಕೊಳ್ಳಿ. ಆ ವರದಿಯೇ ಅಂತಿಮ ಎಂದು ಒಪ್ಪಂದದಲ್ಲಿ ಬರೆಸಿಕೊಂಡ ಮೇಲೆಯೇ ಲಾರಿ ಹೊರಡಲಿ.